ಹನ್ನೊಂದರಾಗ ಮೂರು

ಹೋದ ತಿಂಗಳು ನಮ್ಮ ಮನ್ಯಾಗ ಎರಡು ದಿವಸ ಅಡಗಿ ಹೊತ್ತಿಗೆ ಸರಿಯಾಗಿ ಆಗಲೇ ಇಲ್ಲ ನೋಡ್ರಿ. ಒಂದಿನ ಅಂತೂ ಬ್ಯಾಳಿ ತಳಾ ಹತ್ತಿ ಸೀದು ಹೋತು. ಬಾಜೂ ಮನಿ ವೈನಿ ಕಿಟಕ್ಯಾಗಿಂದ "ಏನ್ರೀ, ಒಲಿ ಮ್ಯಾಲೆ ಏನರ ಇಟ್ಟು ಮರತೀರೇನು?" ಅಂತ ಒದರಿದ ಮ್ಯಾಲೇ ನಮಗ ಎಚ್ಚರಾಗಿದ್ದು. ಮರತಿದ್ದು ಖರೇ. ನಾನೂ ನಮ್ಮ ಸೊಸಿನೂ ಊಟದ ಟೇಬಲ್ ಮ್ಯಾಲೆ ಆಕಿ ಬರದ ಹನ್ನೊಂದು ಲೇಖನ ಹರವಿಕೊಂಡು ಕೂತಿದ್ವಿ. ಅದರಾಗ ಮೂರು ಆರಿಸಬೇಕಾಗಿತ್ತು.

ನಿಮಗೆಲ್ಲಾರಿಗೂ ಗೊತ್ತದ, ನಮ್ಮ ಸೊಸಿ ಕೂಸು ಸಣ್ಣದಿದ್ದಾಗ ಕೆಲಸಾ ಬಿಟ್ಟು ಮನ್ಯಾಗ ಕೂತು ಬರೀಲಿಕ್ಕೆ ಶುರು ಮಾಡಿದ್ಲು. ಒಂದು ಮಾಸಪತ್ರಿಕೆಗೆ, ಒಂದು ಇಂಟರ್ನೆಟ್ ಪತ್ರಿಕೆಗೆ, ಹಿಂಗ ಆವಾಗಾವಾಗ. ಈಗ ಮೊಮ್ಮಗ ಅಂಗನವಾಡಿಗೆ ಹೊಂಟಾನ. ಬೆಂಗಳೂರಿನ ಒಂದು ಕಂಪನಿ ಬಾಣಂತಿ ಮತ್ತ ಸಣ್ಣ ಮಕ್ಕಳ ಸಲುವಾಗಿ ಫೋನಿನಾಗ ಒಂದು ಆ್ಯಪ್ ನಡಸ್ತದಂತ. ಅದಕ್ಕ ಕನ್ನಡ ಕಂಟೆಂಟ್ ರೈಟರ್ ಬೇಕಾಗ್ಯಾರ, ಮನ್ಯಾಗ ಕೂತೇ ಕೆಲಸಾ ಮಾಡಬಹುದು ಅಂತ ಆಕಿ ಗೆಳತಿ ಹೇಳಿದ್ಲು. ಅರ್ಜಿ ಜೋಡಿ ಒಂದು ಪುಟದ ಪತ್ರ ಕಳಿಸಬೇಕು, ಆ ಪತ್ರದಾಗ ಪ್ರಕಟ ಆದ ಮೂರು ಬರಹದ ಹೆಸರು ಹೇಳಬೇಕು. ಮೂರೇ. ನಾಕು ಅಲ್ಲ, ಹತ್ತು ಅಲ್ಲ. ಶನಿವಾರ ಕಡೀ ದಿನ.

ನಾ ಓದಿದ್ದು ಪಿಯುಸಿ ತನಕಾ. ನನಗ ಇದರಾಗ ಏನು ತಿಳೀತದ ಅಂತ ಮೊದಲ ನಾ ದೂರನ ಇದ್ದೆ. ಆದ್ರ ಆಕಿ "ಅತ್ತೀ, ನೀವು ನನ್ನ ಲೇಖನ ಎಲ್ಲಾ ಓದೀರಿ, ಬರ್ರಿ, ಹೇಳ್ರಿ" ಅಂದ್ಲು. ಇವರೂ ಪೇಪರ್ ಕೆಳಗ ಇಟ್ಟು ಬಂದು ಕೂತ್ರು. ಕೂತವರೇ ಹೇಳಿಬಿಟ್ರು, "ಇದರಾಗ ಆರಸೂದು ಏನದ? ಒಳ್ಳಿನ ಲೇಖನ ಮೊದಲು ಹಾಕು."

ಒಳ್ಳಿನ ಲೇಖನ ಅಂದ್ರ ನಮ್ಮ ಅತ್ತಿಯವರು ರುಬ್ಬತಿದ್ದ ಒಳ್ಳಕಲ್ಲಿನ ಮ್ಯಾಲೆ ಆಕಿ ದೀಪಾವಳಿ ಸಂಚಿಕೆಗೆ ಬರದಿದ್ದು. ಅದನ್ನ ಓದಿ ಅತ್ತವರು ನಮ್ಮ ಬಳಗದಾಗ ಕಡಿಮಿ ಏನಿಲ್ಲ. ನಾನೂ ಅತ್ತೀನಿ. ಇಂಥಾದ್ದು ಬಿಟ್ಟು ಬ್ಯಾರೆ ಯಾವುದನ್ನ ಕಳಸೂದು ಅಂತ ನನಗೂ ಅನಸಿತ್ತು.

ಸೊಸಿ ಮಾತಾಡಲಿಲ್ಲ. ಆ ಜಾಹೀರಾತು ಒಂದು ಹಾಳ್ಯಾಗ ಬರಕೊಂಡಿದ್ಲು, ಅದನ್ನ ನಮ್ಮ ಮುಂದ ಇಟ್ಟು ಓದಿದ್ಲು. ಅದರಾಗ ಕೆಲಸಾ ಮೂರು ನಮೂನಿ ಹೇಳಿದ್ರು. ತಾಯಿ-ಮಕ್ಕಳ ಆರೋಗ್ಯದ ವಿಷಯ ಹಳ್ಳಿ ಹೆಣ್ಣುಮಕ್ಕಳಿಗೂ ತಿಳಿಯೂ ಹಂಗ ಬರಿಯೂದು, ಡಾಕ್ಟರು ನರ್ಸು ಇಂಥಾವರನ್ನ ಮಾತಾಡಿಸಿ ಬರಿಯೂದು, ಮತ್ತ ಅವರು ಮಾರೂ ಸಾಮಾನಿನ ಬಗ್ಗೆ ಬರಿಯೂದು. "ಅತ್ತೀ, ಈ ಮೂರರಾಗ ಒಳ್ಳಿನ ಲೇಖನ ಎಲ್ಲೆ ಕೂಡ್ತದ ಹೇಳ್ರಿ" ಅಂತ ಕೇಳಿದ್ಲು.

ಎಲ್ಲೂ ಕೂಡೂದಿಲ್ಲ. ಆ ಲೇಖನ ಓದಿದವರಿಗೆ ಈಕಿಗೆ ತನ್ನ ಮನಿ ಕಥಿ ಛಂದ ಹೇಳಲಿಕ್ಕೆ ಬರತದ ಅಂತ ತಿಳೀತದ. ಅವರು ಕೇಳಿದ್ದು ಅದಲ್ಲ. ನಮ್ಮ ಇವರಿಗೆ ಇದು ರುಚಿಸಲಿಲ್ಲ, ಪೇಪರ್ ತಗೊಂಡು ಹೊರಗ ಹೋದ್ರು. ಸೊಸಿ ಆ ಲೇಖನಾ ಮಡಚಿ ಪಕ್ಕಕ್ಕ ಇಟ್ಲು. ಆಕಿಗೂ ಅದರ ಮ್ಯಾಲೆ ಭಾಳ ಜೀವ, ಇಡೂವಾಗ ಒಂದು ಸರ್ತಿ ಸವರಿದ್ದನ್ನ ನಾ ನೋಡೀನಿ.

ಮತ್ತೆರಡು ಲಗೂನ ಹೋದ್ವು. ಒಂದು, ಮಿಕ್ಸರ್ ಕಂಪನಿಯೊಂದಕ್ಕ ಬರಕೊಟ್ಟಿದ್ದು. ಜಾರಿನ ಬ್ಲೇಡು ಯಾಕ ಸಡ್ಲ ಆಗ್ತದ, ಯಾವಾಗ ಬದಲಿ ಮಾಡಬೇಕು ಅಂತ. ಬರದದ್ದು ಛೊಲೋ ಇತ್ತು, ಆದ್ರ ಅದರ ಮ್ಯಾಲೆ ಆಕಿ ಹೆಸರಿಲ್ಲ. ಹೆಸರಿಲ್ಲದ ಬರದು ರೊಕ್ಕಾ ತಗೊಂಡಾಳ, ಬ್ಯಾರೆಯವರಿಗೆ ಹೇಳೂದಿಲ್ಲ ಅಂತ ಒಪ್ಪಿ ಸಹಿನೂ ಮಾಡ್ಯಾಳ. ಅದನ್ನ ತಂದು ನಂದು ಅಂತ ತೋರಿಸಿದ್ರ ಎರಡು ತಪ್ಪು ಆಗ್ತದಂತ. ಹೆಸರಿಲ್ಲದ್ದಕ್ಕ ಆಧಾರ ಇರೂದಿಲ್ಲ, ಇದು ಒಂದು. ಹಿಂದಿನವರ ಗುಟ್ಟು ಹೇಳಿದಾಕಿ ನಾಳೆ ನಮ್ಮ ಗುಟ್ಟೂ ಹೇಳ್ಯಾಳ ಅಂತ ಹೊಸಾ ಮಂದಿಗೆ ಅನಸ್ತದ, ಇದು ಇನ್ನೊಂದು. ಪತ್ರದಾಗ ಬೇಕಾದ್ರ "ಕಂಪನಿಗಳಿಗೆ ಹೆಸರಿಲ್ಲದೆಯೂ ಬರೆದುಕೊಟ್ಟಿದ್ದೇನೆ" ಅಂತ ಒಂದು ಸಾಲು ಹಾಕಬಹುದು, ಯಾವ ಕಂಪನಿ ಅಂತ ಹೇಳದ.

ಇನ್ನೊಂದು, ಹಬ್ಬದ ಖರ್ಚಿನ ಲೆಕ್ಕದ ಲೇಖನ. ಅದರ ಮ್ಯಾಲೆ ಹೆಸರೇನೋ ಆಕೀದೇ. ಆದ್ರ ಆಕಿ ತಾ ಬರದು ಕಳಿಸಿದ್ದ ಪ್ರತಿ ತಗದು ಅಚ್ಚಾದದ್ದರ ಬಾಜೂ ಇಟ್ಟು ತೋರಿಸಿದ್ಲು. ಮೊದಲನೇ ನಾಕು ಪ್ಯಾರಾ ಪೂರಾ ಸಂಪಾದಕರದು, ತಲೆಬರಹ ಅವರದು, ಕಡೀ ಮಾತೂ ಅವರದು. "ಮಾತಾಡಲಿಕ್ಕೆ ಕರೆದು, ಇಲ್ಲೆ ಹಿಂಗ ಯಾಕ ಶುರು ಮಾಡೀರಿ ಅಂತ ಕೇಳಿದ್ರ ನಾ ಏನು ಹೇಳ್ಲಿ ಅತ್ತೀ? ನನಗ ಗೊತ್ತಿಲ್ಲ" ಅಂದ್ಲು. ಸಂಪಾದಕರು ಅಲ್ಲೊಂದು ಇಲ್ಲೊಂದು ಶಬ್ದ ತಿದ್ದಿದ್ರ ಅಡ್ಡಿಯಿಲ್ಲ, ಎಲ್ಲಾರದೂ ತಿದ್ದತಾರ. ಆದ್ರ ಕೆಲಸಾ ಸಿಕ್ಕು ಮೊದಲನೇ ದಿನಾನ ಬರದು ಕೊಟ್ಟಾಗ, ತೋರಿಸಿದ ಲೇಖನದ ಹದಕ್ಕ ಅದು ಬರಲಿಲ್ಲ ಅಂದ್ರ ಮಾರಿ ಎಲ್ಲಿಡೂದು. ಬ್ಯಾರೆಯವರು ಮಾಡಿದ ಹೋಳಿಗಿ ತಾಟಿನಾಗ ಇಟ್ಟು ನಾನ ಮಾಡೀನಿ ಅಂದ್ರ, ಮುಂದಿನ ಹಬ್ಬಕ್ಕ ಹೂರಣ ರುಬ್ಬಾಕ ನಮ್ಮನ್ನ ಕರೀತಾರಲ್ಲ, ಹಂಗ.

ನಾಕು ಸಣ್ಣ ಸಣ್ಣ ಅಡಗಿ ಬರಹ ಇದ್ವು. ಅವು ಅಂಗೈ ಅಗಲದವು, ಅದರಾಗ ನೋಡೂದು ಏನೂ ಇರಲಿಲ್ಲ.

ಉಳದದ್ದು ನಾಕು. ಈ ನಾಕರಾಗ ಒಂದು ಬಿಡಬೇಕು. ಅಲ್ಲೇ ಸಿಕ್ಕಿಬಿದ್ವಿ.

ಆ ನಾಕರಾಗ ಬಾಣಂತನದ ಲೇಖನಾನೂ ಇತ್ತು. ನೀವೆಲ್ಲಾ ಅದನ್ನ ಓದೇ ಓದಿರ್ತೀರಿ, ಯಾಕಂದ್ರ ನಾನ ನಿಮಗೆಲ್ಲಾ ಕಳಿಸಿದ್ದೆ. ಇಂಟರ್ನೆಟ್ ಪತ್ರಿಕೆಯೊಳಗ ಬಂದಿದ್ದು, ಆಕಿ ಬರದದ್ದರಾಗೆಲ್ಲಾ ಭಾಳ ಮಂದಿ ಓದಿದ್ದು ಅದನ್ನೇ. ಬಿಸಿ ನೀರಿನ ಸ್ನಾನ, ಅಳವಿ ಉಂಡಿ, ಹೊಟ್ಟಿ ಕಟ್ಟೂದು, ಎಲ್ಲಾ ಬರದಿದ್ಲು. ಯಾವುದೋ ಊರಿನ ಯಾವುದೋ ಗುಂಪಿನಾಗಿಂದ ಅದು ತಿರುಗಿ ನನ್ನ ಫೋನಿಗೇ ಬಂದಿತ್ತು ಒಂದು ಸರ್ತಿ. ಕೆಲಸಾ ಕೊಡೂ ಕಂಪನಿನೂ ಬಾಣಂತಿಯರದೇ, ಲೇಖನಾನೂ ಬಾಣಂತನದ್ದೇ, ಓದಿದವರೂ ಭಾಳ. ಇನ್ನೇನು ಬೇಕು? ಇದು ಮೊದಲನೇದು ಅಂತ ಆಕಿನೂ ಬರಕೊಂಡಿದ್ಲು.

ಕಣ್ಣಿಲೆ ಓದಿದ್ರ ತಪ್ಪು ಕಾಣೂದಿಲ್ಲ, ಬಾಯಿಲೆ ಓದ್ರಿ, ನಾ ಕೇಳ್ತೀನಿ ಅಂದ್ಲು. ನಾ ಓದಲಿಕ್ಕೆ ಹತ್ತಿದೆ. ಓದ್ತಾ ಓದ್ತಾ ನನ್ನ ಮಾತು ಬಂತು. ಹುಟ್ಟಿದ ಕೂಸಿಗೆ ಬಜಿ ತೇಯ್ದು ಎರಡು ಹನಿ ಜೇನುತುಪ್ಪದಾಗ ಕಲಿಸಿ ನೆಕ್ಕಸಬೇಕು, ನಾಲಿಗಿ ಹಗರ ಆಗ್ತದ, ಮಾತು ಲಗೂ ಬರತಾವ ಅಂತ. ಇದು ನಾ ಹೇಳಿ ಬರಸಿದ ಸಾಲು. ನಮ್ಮವ್ವ ನನಗ ಹೇಳಿದ್ದು, ನಾ ಆಕಿಗೆ ಹೇಳಿದ್ದು. ಅದನ್ನ ನಾ ಜರಾ ಜೋರಾಗೇ ಓದಿದೆ ಅನಸ್ತದ.

ಓದಿ ತಲಿ ಎತ್ತಿ ನೋಡಿದ್ರ ಸೊಸಿ ಮಾರಿ ಬಿಳಿಚಿಕೊಂಡಿತ್ತು.

"ಅತ್ತೀ, ಇದು ತಪ್ಪದ" ಅಂದ್ಲು.

ನಾ ಸಿಟ್ಟಿಗೆದ್ದೆ, ಸುಳ್ಳು ಯಾಕ ಹೇಳ್ಲಿ. ನನ್ನ ಮಗನಿಗೂ ನೆಕ್ಕಿಸೀನಿ, ಏನಾಗ್ಯದ ಅವಗ? ಆಕಿ ಸಮಾಧಾನದಿಂದ ಇನ್ನೊಂದು ಲೇಖನಾ ತಗದ್ಲು. ಕಬ್ಬಿಣದ ಗುಳಗಿ ಬಗ್ಗೆ ಆರೋಗ್ಯ ಕೇಂದ್ರದ ನರ್ಸಬಾಯಿ ಜೋಡಿ ಮಾತಾಡಿ ಬರದದ್ದು. ಅದನ್ನ ಬರಿಯೂವಾಗ ಆ ಬಾಯಿ ಬ್ಯಾರೆ ಮಾತಿನ ನಡುವ ಹೇಳಿದ್ರಂತ, ವರ್ಷ ತುಂಬೂತನಕಾ ಕೂಸಿಗೆ ಜೇನುತುಪ್ಪ ಮುಟ್ಟಸಬ್ಯಾಡ್ರಿ ಅಂತ. ಈಕಿ ಅದನ್ನ ತನ್ನ ನೋಟಬುಕ್ಕಿನಾಗ ಬರಕೊಂಡಾಳ, ಗುಳಗಿ ಲೇಖನಕ್ಕ ಬೇಕಾಗಿರಲಿಲ್ಲ ಅಂತ ಬಿಟ್ಟಾಳ. ಆದ್ರ ಬಾಣಂತನದ ಲೇಖನಾ ಅದಕ್ಕಿಂತ ಮೊದಲ ಬಂದುಬಿಟ್ಟಿತ್ತು. ಎರಡನ್ನೂ ಕೂಡಿಸಿ ನೋಡೂ ಪ್ರಸಂಗ ಆಕಿಗೆ ಬಂದೇ ಇರಲಿಲ್ಲ.

ಆಮ್ಯಾಲೆ ಆಕಿ ನನಗ ಬಿಡಿಸಿ ಹೇಳಿದ್ಲು. ಜೇನುತುಪ್ಪದಾಗ ಒಂದು ಜಾತಿ ಸೂಕ್ಷ್ಮ ಜೀವಿಯ ಬೀಜ ಇರಬಹುದಂತ. ಎಲ್ಲಾ ಜೇನಿನಾಗ ಇರ್ತದಂತಲ್ಲ, ಆದ್ರ ಯಾವುದರಾಗ ಅದ ಅಂತ ನೋಡಿದ್ರ ತಿಳಿಯೂದಿಲ್ಲ, ಮನ್ಯಾಗ ಕಾಸಿದ್ರೂ ಆ ಬೀಜ ಸಾಯೂದಿಲ್ಲ. ನಮ್ಮಂಥ ದೊಡ್ಡವರ ಹೊಟ್ಟ್ಯಾಗ ಅದು ಬೆಳಿಯೂದಿಲ್ಲ, ಹಂಗ ಹೋಗಿಬಿಡ್ತದ. ವರ್ಷದೊಳಗಿನ ಕೂಸಿನ ಕರುಳು ಇನ್ನೂ ಎಳೇದು, ಅಲ್ಲೆ ಅದು ಮೊಳತು ವಿಷಾ ಬಿಡ್ತದ. ಮೊದಲ ಮಲಬದ್ಧತಿ, ಆಮ್ಯಾಲೆ ಕೂಸು ಹಾಲು ಜಗ್ಗೂದು ಕಡಿಮಿ ಮಾಡ್ತದ, ಅಳೂ ದನಿ ಸಣ್ಣ ಆಗ್ತದ, ಕುತಗಿ ಕೈಕಾಲು ಸಡ್ಲ ಬಿಡ್ತದ. ಅದಕ್ಕ ಬೊಟುಲಿಸಂ ಅಂತಾರಂತ. ಅಪರೂಪದ್ದೇ, ಆದ್ರ ಬಂದ್ರ ಕೂಸಿನ ಜೀವಕ್ಕ ಕುತ್ತು. ಅದೂ ಅಲ್ಲದ ಆರು ತಿಂಗಳ ತನಕಾ ತಾಯಿ ಹಾಲು ಬಿಟ್ಟು ಏನೂ ಕೊಡಬಾರದು ಅಂತ ಅವರು ಹೇಳೇ ಹೇಳ್ತಾರ, ಬಜಿನೂ ಅದರಾಗ ಬಂತು.

ನನ್ನ ಮಗನಿಗೆ ಏನೂ ಆಗಲಿಲ್ಲ, ದೇವರು ದೊಡ್ಡವ. ಆದ್ರ ಓದಿದವರ ಮನ್ಯಾಗಿನ ಕೂಸುಗಳ ಲೆಕ್ಕಾ ನನ್ನ ಹತ್ತರ ಇಲ್ಲಲ್ಲ. ಅವತ್ತೇ ಬ್ಯಾಳಿ ಸೀದದ್ದು.

ಇವರಿಗೆ ಗೊತ್ತಾದ ಮ್ಯಾಲೆ ಹೇಳಿದ್ರು, "ಅಷ್ಟು ದೊಡ್ಡ ಲೇಖನದಾಗ ಒಂದು ಸಾಲು, ಯಾರು ನೋಡ್ತಾರ? ಭಾಳ ಮಂದಿ ಓದಿದ್ದು ಅಂತ ಬರಿ, ಅದಕ್ಕ ಬೆಲೆ ಅದ." ಆಕಿ ಒಪ್ಪಲಿಲ್ಲ. ಆ ಕಂಪನ್ಯಾಗ ಬರದದ್ದನ್ನ ನೋಡಲಿಕ್ಕೆ ಡಾಕ್ಟರು ಇರ್ತಾರ, ಅವರ ಕಣ್ಣು ಮೊದಲ ಹೋಗೂದೇ ಅಲ್ಲೆ. ಭಾಳ ಮಂದಿ ಓದ್ಯಾರ ಅನ್ನೂದೂ ಆಗ ಹೊಳ್ಳಿ ನಮಗೇ ಬಡೀತದ, ಅಷ್ಟು ಮಂದಿಗೆ ತಪ್ಪು ಹೇಳ್ಯಾಳ ಅಂತ. ಅಲ್ಲದ ಎಷ್ಟು ಮಂದಿ ಓದ್ಯಾರ ಅನ್ನೂ ಲೆಕ್ಕಾ ಪತ್ರಿಕೆಯವರ ಹತ್ತರ ಇರ್ತದ, ನಮ್ಮ ಹತ್ತರ ಇಲ್ಲ. ತೋರಿಸಲಿಕ್ಕೆ ಬರದ ಲೆಕ್ಕಾ ಪತ್ರದಾಗ ಬರಿಯೂದು ಹೆಂಗ?

ಸರಿ, ಅದನ್ನ ಬಿಟ್ಟಬಿಡು, ಮೂರು ಉಳದ್ವಲ್ಲ, ಕೆಲಸಾ ಮುಗೀತು ಅಂದೆ ನಾ. ಆಗ ಆಕಿ ತನ್ನ ಹೆಸರನ್ನ ಫೋನಿನಾಗ ಹಾಕಿ ಹುಡುಕಿ ತೋರಿಸಿದ್ಲು. ಎಲ್ಲಾಕ್ಕಿಂತ ಮ್ಯಾಲೆ ಬಂದದ್ದು ಬಾಣಂತನದ ಲೇಖನಾನೇ! ಪತ್ರ ಓದಿದವರು ಹೆಸರು ಹುಡುಕೇ ಹುಡುಕ್ತಾರಂತ. ನಾವು ಮೂರು ಆರಿಸಿ ತೋರಿಸಿದ್ರ ಉಳದ ಎಂಟು ಅಡಗಿ ಕೂಡೂದಿಲ್ಲ. ಅಂದಮ್ಯಾಲೆ ಪತ್ರದಾಗಿಂದ ತಗದ್ರ ಸಾಲದು, ಲೇಖನಾನೇ ಸರಿ ಆಗಬೇಕು.

ಅವತ್ತು ರಾತ್ರಿನ ಆ ಪತ್ರಿಕೆಗೆ ಒಂದು ಪತ್ರ ಬರದ್ಲು. ಅದನ್ನ ಬರದ ರೀತಿ ನನಗ ಮೆಚ್ಚಿಗಿ ಆತು. ತಪ್ಪಾತು ಕ್ಷಮಿಸ್ರಿ ಅಂತ ಉದ್ದುದ್ದ ಬರಿಲಿಲ್ಲ. ಯಾವ ಲೇಖನ, ಯಾವ ಸಾಲು ಅಂತ ಇದ್ದಕ್ಕಿದ್ದಂಗ ಎತ್ತಿ ಬರದು, ಅದರ ಕೆಳಗ ಯಾಕ ತಪ್ಪು ಅಂತ ಎರಡು ಸಾಲು, ಅದರ ಜಾಗಾದಾಗ ಹಾಕಬೇಕಾದ ಹೊಸಾ ಸಾಲು, ಮತ್ತ ಸುಮ್ಮನ ತಗದು ಮುಚ್ಚಬ್ಯಾಡ್ರಿ, ತಿದ್ದೀವಿ ಅಂತ ಲೇಖನದ ಕೆಳಗ ಟಿಪ್ಪಣಿ ಹಾಕ್ರಿ, ಮೊದಲ ಓದಿದವರಿಗೂ ತಿಳೀಲಿ ಅಂತ. ಅಷ್ಟೇ.

ಶನಿವಾರದೊಳಗ ಅವರು ತಿದ್ದಿ ಬಿಟ್ರ ಅದನ್ನೇ ಪತ್ರದಾಗ ಹಾಕಬಹುದಲ್ಲಾ, ನಾನ ತಪ್ಪು ಹಿಡದು ತಿದ್ದಿಸೀನಿ ಅಂತ ಹೇಳಿದ್ರ ಇನ್ನೂ ಛೊಲೋ ಕಾಣಸ್ತದ ಅಂತ ನಾ ಒಂದು ಉಪಾಯ ಹೇಳಿದೆ. ಆಕಿ ನಕ್ಕು, "ಅತ್ತೀ, ಮೂರರಾಗ ಒಂದು ಜಾಗಾ ತಪ್ಪಿನ ಕಥಿಗೆ ಹೋತು ಅಂದ್ರ ಉಳದದ್ದು ಎರಡೇ. ಅವರಾಗೇ ಕೇಳಿದ್ರ ಹೇಳ್ತೀನಿ, ಮುಚ್ಚಿಡೂದಿಲ್ಲ" ಅಂದ್ಲು.

ಇನ್ನ ಉಳದ ಮೂರರ ಮಾತು.

ಓಆರ್‌ಎಸ್ ಲೇಖನಾ ನಾ ಮೊದಲ ಅಷ್ಟು ಲಕ್ಷ್ಯಕ್ಕ ತಗೊಂಡಿರಲಿಲ್ಲ. ಪಾಕೀಟು ಹರದು ನೀರಾಗ ಹಾಕೂದರಾಗ ಬರಿಯೂದೇನದ ಅಂತಿದ್ದೆ. ಆದ್ರ ಈ ಸರ್ತಿ ಬಾಯಿಲೆ ಓದಿದಾಗ ತಿಳೀತು ನೋಡ್ರಿ. ಅಂಗಡ್ಯಾಗ ಎರಡು ನಮೂನಿ ಪಾಕೀಟು ಸಿಗ್ತಾವ. ದೊಡ್ಡದು ಒಂದು ಲೀಟರ್ ನೀರಿಗೆ, ಸಣ್ಣದು 200 ಮಿಲಿ ನೀರಿಗೆ. ದೊಡ್ಡ ಪಾಕೀಟು ಒಂದು ಲೋಟಾ ನೀರಾಗ ಹಾಕಿದ್ರ ಉಪ್ಪು ಹೆಚ್ಚಾಗಿ ಭೇದಿ ಹತ್ತಿದ ಕೂಸಿಗೆ ಇನ್ನೂ ತ್ರಾಸ ಆಗ್ತದ, ಸಣ್ಣದನ್ನ ತಂಬಗಿ ತುಂಬ ನೀರಾಗ ಹಾಕಿದ್ರ ಅದರ ಶಕ್ತಿನ ಇರೂದಿಲ್ಲ. ಅರ್ಧ ಪಾಕೀಟು ಇವತ್ತು, ಅರ್ಧ ನಾಳೆ ಅಂತ ಮಾಡೂ ಹಂಗಿಲ್ಲ. ಕಲಿಸಿದ್ದನ್ನ 24 ತಾಸಿನ ಮ್ಯಾಲೆ ಇಡೂ ಹಂಗಿಲ್ಲ. ಇದನ್ನ ಆಕಿ ನಮ್ಮ ಮನಿ ಪಾತ್ರೆಗಳಿಗೆ ಒಂದು ಲೀಟರಿನ ನೀರಿನ ಬಾಟ್ಲಿಲೆ ಅಳದು ಅಳದು ಬರದಾಳ. ನಮ್ಮ ದೊಡ್ಡ ತಂಬಗಿಗೆ ಒಂದು ಲೀಟರ್ ಹಿಡಸೂದಿಲ್ಲ ಅಂತ ನನಗ ಗೊತ್ತಾಗಿದ್ದೇ ಆವಾಗ. ಆರೋಗ್ಯದ ಮಾತು ಹಳ್ಳಿ ಹೆಣ್ಣುಮಕ್ಕಳಿಗೆ ತಿಳಿಯೂ ಹಂಗ ಬರೀರಿ ಅಂತ ಜಾಹೀರಾತಿನಾಗ ಕೇಳಿದ್ದಕ್ಕ ಇದು ನೇರ ಉತ್ತರ.

ಎರಡನೇದು ಕಬ್ಬಿಣದ ಗುಳಗಿದು. ಬಸರಿ ಹೆಣ್ಣುಮಕ್ಕಳು ಗುಳಗಿ ಯಾಕ ಅರ್ಧಕ್ಕ ಬಿಡ್ತಾರ ಅಂತ ನರ್ಸಬಾಯಿ ಬಾಯಿಲೇ ಕೇಳಿ ಬರದದ್ದು. ಸಂಡಾಸ ಕರ್ರಗ ಆದ್ರ ಅಂಜಿ ಬಿಡ್ತಾರ, ಅದು ಗುಳಗಿಯಿಂದ ಆಗೂದು, ಅಂಜೂ ಕಾರಣ ಇಲ್ಲ. ಚಹಾದ ಜೋಡಿ ತಗೊಂಡ್ರ ಮೈಗೆ ಹತ್ತೂದಿಲ್ಲ, ನಿಂಬಿಹಣ್ಣಿನ ಪಾನಕದ ಜೋಡಿ ತಗೊಂಡ್ರ ಛೊಲೋ ಹತ್ತತದ. ಇದರಾಗ ಆಕಿದು ಒಂದು ಕೆಲಸಾ ನನಗ ಗೊತ್ತಿರಲಿಲ್ಲ. ಬರದ ಮ್ಯಾಲೆ ಹೋಗಿ ಆ ಬಾಯಿಗೆ ಪೂರಾ ಓದಿ ಹೇಳಿ, ನಾ ಹೇಳಿದ್ದು ಇದೇ ಹೌದು ಅಂತ ಅನಿಸಿಕೊಂಡ ಮ್ಯಾಲೇ ಪತ್ರಿಕೆಗೆ ಕಳಿಸಿದ್ದಂತ. ಬಾಣಂತನದ ಲೇಖನಕ್ಕೂ ಹಿಂಗ ಮಾಡಿದ್ರ ಆಗ್ತಿತ್ತು ಅಂತ ಅಂದ್ಕೊಂಡೆ, ಬಾಯಿ ಬಿಡಲಿಲ್ಲ. ಅಲ್ಲೆ ನಾನ ತಜ್ಞಿ ಆಗಿದ್ದೆನಲ್ಲ.

ಮೂರನೇದಕ್ಕ ನಾ ಮತ್ತೊಂದು ಆರೋಗ್ಯದ್ದೇ ಇರಲಿ ಅಂತ ಹುಡುಕತಿದ್ದೆ. ಆಕಿ ಇಳಕಲ್ ಸೀರೀದು ಹಾಕೂಣು ಅಂದ್ಲು. ಮಕ್ಕಳ ಕಂಪನಿಗೆ ಸೀರಿ ಯಾಕ ಅಂತ ಕೇಳಿದೆ. ಅವರು ಸಾಮಾನೂ ಮಾರ್ತಾರಲ್ಲ, ಅದರ ಬಗ್ಗೆ ಬರಿಯೂದೂ ಕೆಲಸದಾಗ ಅದ, ಮೂರನೇ ಬೇಡಿಕಿ ಅದೇ. ಇಳಕಲ್ ಲೇಖನಾ ಸೀರಿ ಭಾರಿ ಅದ, ಛಂದ ಅದ ಅಂತ ಹೊಗಳೂದಲ್ಲ, ಅಂಗಡ್ಯಾಗ ನಿಂತು ಕೈಮಗ್ಗದ್ದು ಹೆಂಗ ಗುರ್ತು ಹಿಡೀಬೇಕು ಅನ್ನೂದು. ಕೈಮಗ್ಗದ ಇಳಕಲ್ ಸೀರ್ಯಾಗ ಮೈಗೆ ಬ್ಯಾರೆ ಹಾಸು, ಸೆರಗಿಗೆ ಬ್ಯಾರೆ ಹಾಸು, ಎರಡನ್ನೂ ಎಳಿಗೆ ಎಳಿ ಕೊಂಡಿ ಹಾಕಿ ಕೂಡಿಸಿರ್ತಾರ. ಸೆರಗು ಶುರು ಆಗೂ ಕಡೆ ಹಿಂದ ಮುಂದ ಮಾಡಿ, ಬೆರಳಾಡಿಸಿ ನೋಡಿದ್ರ ಆ ಕೂಡಿಸಿದ ಗೆರಿ ಕೈಗೆ ಸಿಗ್ತದ. ನೋಡಿ ತಗೊಳ್ಳಾಕಿಗೆ ಏನು ನೋಡಬೇಕು ಅಂತ ಹೇಳಿಕೊಡೂ ಬರಹ. ನನಗೇನೋ ಅದು ಮೂರರಾಗೂ ಛಂದ ಬರದದ್ದು ಅನಸ್ತದ, ಅದನ್ನೇ ಮೊದಲು ಹಾಕು ಅಂದೆ.

ಬ್ಯಾಡ ಅಂದ್ಲು. ಮ್ಯಾಲೆ ಕೂತವರ ಮುಂದ ಇಂಥಾ ಪತ್ರ ಎಷ್ಟೋ ಬಂದಿರ್ತಾವ, ಮೂರೂ ತಗದು ಓದ್ತಾರಂತ ನಂಬಲಿಕ್ಕೆ ಆಗೂದಿಲ್ಲ. ಒಂದೇ ತಗದ್ರೂ ಅವರ ಕೆಲಸಕ್ಕ ಹತ್ತರದ್ದು ಕಣ್ಣಿಗೆ ಬೀಳಬೇಕು. ಹಂಗಾಗಿ ಓಆರ್‌ಎಸ್ ಮೊದಲು, ಗುಳಗಿ ಎರಡನೇದು, ಸೀರಿ ಕಡೀಗೆ.

ಆಮ್ಯಾಲೆ ನನಗೊಂದು ಕೆಲಸಾ ಹಚ್ಚಿದ್ಲು. ಮೂರರ ಲಿಂಕು ನನ್ನ ಫೋನಿಗೆ ಕಳಿಸಿ, ತಗದು ನೋಡ್ರಿ ಅಂದ್ಲು. ಆಕಿ ಫೋನಿನಾಗ ಎಲ್ಲಾ ತಗೀತಿದ್ವು. ನನ್ನ ಫೋನಿನಾಗ ಗುಳಗಿದು ಎರಡು ಪ್ಯಾರಾ ಕಾಣಿಸಿ, ಮುಂದ ಓದಬೇಕಾದ್ರ ಚಂದಾದಾರರಾಗ್ರಿ ಅಂತ ಬಂತು! ಆಕಿ ಆ ಪತ್ರಿಕೆಗೆ ಲಾಗಿನ್ ಆಗಿರ್ತಾಳ, ಹಂಗಾಗಿ ಆಕಿಗೆ ತಿಳಿಯೂದೇ ಇಲ್ಲ. ಓಆರ್‌ಎಸ್‌ದಂತೂ ತಗೀಲೇ ಇಲ್ಲ, ಪುಟ ಸಿಗಲಿಲ್ಲ ಅಂತ ಇಂಗ್ಲಿಷಿನಾಗ ಬಂತು. ಪತ್ರಿಕೆಯವರು ತಮ್ಮ ಜಾಗಾ ಬದಲಿ ಮಾಡಿದಾಗ ಹಳೇ ವಿಳಾಸ ಸತ್ತು ಹೋಗ್ಯದ. ಆಕಿ ಉಳಿಸಿಟ್ಟುಕೊಂಡಿದ್ದ ಪ್ರತಿ ತನ್ನ ಫೋನಿನಾಗ ತಗೀತಿತ್ತು ಅಷ್ಟೇ. ಇದನ್ನ ನೋಡದ ಕಳಿಸಿದ್ರ ಮೊದಲನೇದ್ದೇ ಖಾಲಿ ಪುಟ ಆಗ್ತಿತ್ತು.

ಓಆರ್‌ಎಸ್‌ದು ಅದೇ ಪತ್ರಿಕೆಯೊಳಗ ಹೊಸಾ ವಿಳಾಸದ ಮ್ಯಾಲೆ ಇತ್ತು, ತಲೆಬರಹ ಹಾಕಿ ಹುಡುಕಿದಾಗ ಸಿಕ್ಕಿತು. ಸಿಗದಿದ್ರ web.archive.org ಅಂತ ಒಂದು ಅದ, ಹಳೇ ವಿಳಾಸ ಅದರಾಗ ಹಾಕಿದ್ರ ಅಲ್ಲೆ ಇಟ್ಟ ಪ್ರತಿ ಸಿಗೂದುಂಟು, ಇಲ್ಲದೂ ಇರಬಹುದು. ಗುಳಗಿದಕ್ಕ ಸಂಪಾದಕರನ್ನ ಕೇಳಿ, ಪೂರಾ ಲೇಖನದ ಪಿಡಿಎಫ್ ಮಾಡಿ ಅರ್ಜಿಗೆ ಹಚ್ಚಿದ್ಲು, ಲಿಂಕೂ ಇಟ್ಲು. ಇಳಕಲ್‌ದು ಬರೀ ಅಚ್ಚಿನ ಮಾಸಪತ್ರಿಕೆಯೊಳಗ ಬಂದದ್ದು. ಅದನ್ನ ಹಗಲ ಬೆಳಕಿನಾಗ ಅಂಗಳದಾಗ ಇಟ್ಟು ನಾನ ಪುಟಾ ಒತ್ತಿ ಹಿಡದೆ, ಆಕಿ ಫೋಟೋ ತಗದ್ಲು. ಪತ್ರಿಕೆ ಹೆಸರು, ತಿಂಗಳು, ಪುಟದ ನಂಬರು ಕೆಳಗ ಬರದ್ಲು. ಒಂದು ಫೋಟೋದಾಗ ನನ್ನ ಬಳಿ ಬಂದಿತ್ತು, ಅದನ್ನ ಮತ್ತ ತಗದ್ವಿ.

ಕಡೀಗೆ ಪತ್ರದಾಗಿನ ಆ ಪ್ಯಾರಾ. ಮೊದಲ ಬರದಾಗ "ನನ್ನ ಅನೇಕ ಲೇಖನಗಳು ಪ್ರಸಿದ್ಧ ಪತ್ರಿಕೆಗಳಲ್ಲಿ ಪ್ರಕಟವಾಗಿ ಓದುಗರ ಮೆಚ್ಚುಗೆ ಗಳಿಸಿವೆ" ಅಂತ ಇತ್ತು. ಇದನ್ನ ಯಾರು ಬೇಕಾದ್ರೂ ಬರೀಬಹುದು ಅಂತ ಆಕಿನ ಹೊಡದು ಹಾಕಿದ್ಲು. ಕಳಿಸಿದ್ದು ಹಿಂಗ ಅದ, ಆಕಿನ್ನ ಕೇಳೇ ಇಲ್ಲೆ ಹಾಕೀನಿ:

"ನೀವು ಕೇಳಿರುವ ಕೆಲಸಕ್ಕೆ ಹತ್ತಿರವಾದ ನನ್ನ ಮೂರು ಬರಹಗಳು ಇವು. ಮೊದಲನೆಯದು ಮನೆಯಲ್ಲಿ ಓಆರ್‌ಎಸ್ ಕಲಸುವ ಕ್ರಮ. ದೊಡ್ಡ ಮತ್ತು ಸಣ್ಣ ಪಾಕೀಟಿನ ನೀರಿನ ಅಳತೆಯನ್ನು ಮನೆಯ ಪಾತ್ರೆಗಳಲ್ಲೇ ಅಳೆದು ಬರೆದಿದ್ದೇನೆ. ಎರಡನೆಯದು ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಅರ್ಧಕ್ಕೇ ಬಿಡುವುದೇಕೆ ಎಂದು ಆರೋಗ್ಯ ಕೇಂದ್ರದ ನರ್ಸ್ ಒಬ್ಬರನ್ನು ಕೇಳಿ ಬರೆದದ್ದು. ಪ್ರಕಟಣೆಗೆ ಮೊದಲು ಅವರಿಗೆ ಪೂರ್ತಿ ಓದಿ ಹೇಳಿದ್ದೇನೆ. ಮೂರನೆಯದು ಕೈಮಗ್ಗದ ಇಳಕಲ್ ಸೀರೆಯನ್ನು ಕೊಳ್ಳುವಾಗ ಗುರುತಿಸುವ ಬಗೆ; ವಸ್ತುವಿನ ಬಗ್ಗೆ ಹೊಗಳಿಕೆ ಇಲ್ಲದೆ ಬರೆಯುವುದಕ್ಕೆ ಇದನ್ನು ಮಾದರಿಯಾಗಿ ಕೊಟ್ಟಿದ್ದೇನೆ."

ಶುಕ್ರವಾರ ರಾತ್ರಿ ಕಳಿಸಿದ್ಲು. ಒಳ್ಳಿನ ಲೇಖನಾ ಇಲ್ಲ ಅಂತ ಇವರದು ಇನ್ನೂ ಗೊಣಗಾಟ ಅದ. ಕಂಪನಿಯವರಿಂದ ನಾ ಇದನ್ನ ಬರಿಯೂತನಕಾ ಸುದ್ದಿ ಇಲ್ಲ.

ಇಂಟರ್ನೆಟ್ ಪತ್ರಿಕೆಯವರು ಮಾತ್ರ ನಾಕು ದಿನದ ಮ್ಯಾಲೆ ಆ ಸಾಲು ತಿದ್ದಿ, ಕೆಳಗ ಟಿಪ್ಪಣಿನೂ ಹಾಕ್ಯಾರ. ಹಳೇದನ್ನ ನಿಮಗೆಲ್ಲಾ ಕಳಿಸಿದಾಕಿ ನಾನ ಆಗಿದ್ದಕ್ಕ, ತಿದ್ದಿದ್ದನ್ನೂ ನಾನ ಕಳಿಸೀನಿ, ನೀವು ಮುಂದ ಯಾರ್ಯಾರಿಗೆ ಕಳಿಸಿದ್ರೋ ಅವರಿಗೂ ಕಳಿಸ್ರಿ. ಮುಖ್ಯ ಮನ್ಯಾಗ ಬಸರಿ ಬಾಣಂತಿ ಇದ್ದವರಿಗೆ. ನೋಡಿದ ಕೂಡ್ಲೆ ನಮ್ಮ ಮಾವಶಿ ಗದಗಿನಿಂದ ಫೋನ್ ಮಾಡಿದ್ರು. "ಏನs, ನಿನಗೂ ಜೇನು ನೆಕ್ಕಿಸೇ ಬೆಳಸೀವಿ, ಏನು ಮಾತು ಕಡಿಮಿ ಬಂದಾವ ನಿನಗ?" ಅಂತ ಒಂದು ತಾಸು ಬೈದ್ರು. ಅವರ ಮೊಮ್ಮಗಳದು ಮುಂದಿನ ತಿಂಗಳು ಹೆರಿಗಿ. ಬೈದು ಮುಗಿಸಿ ಫೋನ್ ಇಡೂವಾಗ, ಹಂಗಾದ್ರ ಬರೀ ಹಾಲು ಅಷ್ಟೇ ಏನು, ಆರು ತಿಂಗಳು ಅಂದ್ರ ಪೂರಾ ಆರು ತಿಂಗಳಾ, ಅಂತ ಕೇಳಿ ಇಟ್ರು.